ರಾಗಿಯಲ್ಲಿ ಅಜೋಸ್ಪಿರಿಲಂ ಬೀಜೋಪಚಾರ: ಅಧ್ಯಾಯ 5, ಚರ್ಚೆ (ತಿದ್ದಿದ ಕರಡು)

"ಬೀಜೋಪಚಾರವು ನಿರೀಕ್ಷಿತ ಫಲ ನೀಡುವಲ್ಲಿ ವಿಫಲವಾಯಿತು" ಎಂದು ಆರಂಭವಾಗುತ್ತಿದ್ದ ಹಿಂದಿನ ಭಾಗದ ಸ್ಥಾನದಲ್ಲಿ ಈ ಪಠ್ಯವನ್ನು ಸೇರಿಸಲಾಗಿದೆ. ಅಂಕಿಅಂಶಗಳಲ್ಲಿ ಯಾವ ಬದಲಾವಣೆಯೂ ಇಲ್ಲ.

ತುಮಕೂರು ಜಿಲ್ಲೆಯ ಕೆಂಪು ಮಣ್ಣಿನಲ್ಲಿ 2022 ಮತ್ತು 2023ರ ಮುಂಗಾರಿನಲ್ಲಿ ನಡೆಸಿದ ಈ ಪ್ರಯೋಗದಲ್ಲಿ, ಶಿಫಾರಸು ಮಾಡಿದ ಸಾರಜನಕವನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟ ಜಿಪಿಯು-28 ತಳಿಯ ರಾಗಿಗೆ ಅಜೋಸ್ಪಿರಿಲಂ ಬೀಜೋಪಚಾರ ಮಾಡಿದಾಗ ಕಾಳಿನ ಇಳುವರಿ ಹೆಕ್ಟೇರಿಗೆ ಸರಾಸರಿ 0.6 ಕ್ವಿಂಟಲ್ ಹೆಚ್ಚಾಗಿತ್ತು. ಇದರ ಶೇಕಡಾ 95 ವಿಶ್ವಾಸಾಂತರ −1.1ರಿಂದ 2.3 ಕ್ವಿಂಟಲ್. ಪ್ರಯೋಗಕ್ಕೆ ಮುಂಚೆಯೇ ನಾವು 3 ಕ್ವಿಂಟಲ್ ಏರಿಕೆಯನ್ನು ಮಹತ್ವದ ಲಾಭವೆಂದು ನಿಗದಿಪಡಿಸಿದ್ದೆವು. ವಿಶ್ವಾಸಾಂತರದ ಮೇಲಿನ ತುದಿಯೂ ಆ ಮಟ್ಟವನ್ನು ಮುಟ್ಟದಿರುವುದರಿಂದ, ಇಂಥ ಮಣ್ಣಿನಲ್ಲಿ ಪೂರ್ಣ ಗೊಬ್ಬರದ ಜೊತೆಗೆ ಈ ಉಪಚಾರದಿಂದ ಅಷ್ಟು ದೊಡ್ಡ ಲಾಭ ಬರುವ ಸಾಧ್ಯತೆಯನ್ನು ದತ್ತಾಂಶವು ಬಹುಮಟ್ಟಿಗೆ ತಳ್ಳಿಹಾಕುತ್ತದೆ. ಆದರೆ ಉಪಚಾರಕ್ಕೆ ಪರಿಣಾಮವೇ ಇಲ್ಲವೆಂದು ಇದರಿಂದ ಹೇಳಲಾಗದು. ಜೈವಿಕ ಗೊಬ್ಬರದ ಪೊಟ್ಟಣಕ್ಕೆ ತಗಲುವ ಖರ್ಚು ಅಲ್ಪವಾದ್ದರಿಂದ ಒಂದು ಕ್ವಿಂಟಲ್ ಏರಿಕೆಯೂ ರೈತರಿಗೆ ಗಿಟ್ಟಬಹುದು, ಅದು ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಮ್ಮ ತಾಕುಗಳ ಸಂಖ್ಯೆ ಸಾಲದು.

ಇಂಥ ಫಲಿತಾಂಶ ಬಂದಾಗ ಮೊದಲ ಸಂಶಯ ಜೀವಾಣುವಿನ ಮೇಲೆಯೇ ಬೀಳುತ್ತದೆ. ಬಿಸಿಲಿನಲ್ಲಿಟ್ಟ ಅಥವಾ ಅವಧಿ ಮೀರಿದ ಪೊಟ್ಟಣದಲ್ಲಿ ಜೀವಂತ ಜೀವಾಣು ಉಳಿದಿರುವುದು ಕಡಿಮೆ. ಆದ್ದರಿಂದ ಬಿತ್ತನೆಯ ಹಿಂದಿನ ದಿನ ಪ್ರತಿ ತಂಡದ ಪೊಟ್ಟಣದಿಂದ ಮಾದರಿ ತೆಗೆದು ಎಣಿಕೆ ಮಾಡಲಾಗಿತ್ತು. ಎಲ್ಲದರಲ್ಲೂ ಪ್ರತಿ ಗ್ರಾಂಗೆ 10⁷ಕ್ಕೂ ಹೆಚ್ಚು ಜೀವಕೋಶಗಳಿದ್ದವು. ಬಿತ್ತಿದ 30ನೇ ದಿನ ಕಿತ್ತ ಸಸಿಗಳ ಬೇರನ್ನು ತೊಳೆದು, ಸಾರಜನಕರಹಿತ ಅರೆಘನ ಮಾಧ್ಯಮದಲ್ಲಿಟ್ಟಾಗ ಉಪಚಾರ ಮಾಡಿದ ತಾಕುಗಳ ಮಾದರಿಗಳಲ್ಲಿ ಮೇಲ್ಮೈಗಿಂತ ತುಸು ಕೆಳಗೆ ಅಜೋಸ್ಪಿರಿಲಂಗೆ ವಿಶಿಷ್ಟವಾದ ಬಿಳಿ ಪೊರೆ ಕಾಣಿಸಿತು, ಉಪಚಾರವಿಲ್ಲದ ತಾಕುಗಳಲ್ಲಿ ಅದು ವಿರಳವಾಗಿತ್ತು. ಜೀವಾಣು ಬೇರನ್ನು ತಲುಪಿ ನೆಲೆಸಿದ ಮೇಲೂ ಇಳುವರಿ ಹೆಚ್ಚು ಬದಲಾಗಲಿಲ್ಲವೆಂಬುದೇ ಇಲ್ಲಿನ ಮುಖ್ಯ ಶೋಧ.

ಇದಕ್ಕೆ ಒಂದು ಸಂಭಾವ್ಯ ಕಾರಣವಿದೆ. ಮಣ್ಣಿನಲ್ಲಿ ಅಮೋನಿಯಂ ಧಾರಾಳವಾಗಿದ್ದಾಗ ಅಜೋಸ್ಪಿರಿಲಂನ ನೈಟ್ರೋಜಿನೇಸ್ ಕಿಣ್ವದ ಚಟುವಟಿಕೆ ಕುಗ್ಗುತ್ತದೆ. ಯೂರಿಯಾ ಕೊಟ್ಟ ತಾಕಿನಲ್ಲಿ ಸಾರಜನಕ ಸ್ಥಿರೀಕರಣದಿಂದ ಹೆಚ್ಚು ನಿರೀಕ್ಷಿಸುವುದೇ ಕಷ್ಟ. ಜೀವಾಣು ಸ್ರವಿಸುವ ಸಸ್ಯಹಾರ್ಮೋನುಗಳಿಂದ ಬೇರು ಹರಡಿಕೊಂಡು ತೇವದ ಕೊರತೆಯ ವರ್ಷದಲ್ಲಾದರೂ ಬೆಳೆಗೆ ಅನುಕೂಲವಾಗಬೇಕೆಂಬ ವಾದವೂ ಇದೆ. ಆದರೆ ಮಳೆ ಕೈಕೊಟ್ಟ 2023ರಲ್ಲಿಯೂ ವ್ಯತ್ಯಾಸ 2022ರಷ್ಟೇ ಇತ್ತು. ಎರಡೇ ಹಂಗಾಮುಗಳ ಹೋಲಿಕೆಯಾದ್ದರಿಂದ ಈ ಅಂಶಕ್ಕೆ ಹೆಚ್ಚಿನ ತೂಕ ಕೊಡುವುದು ಸರಿಯಲ್ಲ.

ಹುಲ್ಲಿನ ಇಳುವರಿಯ ವಿಶ್ವಾಸಾಂತರವು ದೊಡ್ಡ ನಷ್ಟದಿಂದ ದೊಡ್ಡ ಲಾಭದವರೆಗೆ ಚಾಚಿಕೊಂಡಿದೆ. ಆ ಫಲಿತಾಂಶವು ಅನಿರ್ಣೀತ. ಕಾಳಿನ ಇಳುವರಿಯ ಜೊತೆಗೆ ಅದನ್ನೂ ಸೇರಿಸಿ "ವ್ಯತ್ಯಾಸವಿಲ್ಲ" ಎಂದು ಬರೆಯಲಾಗದು.

ಪೂರ್ಣ ಗೊಬ್ಬರ ಕೊಡುವ ರೈತರಿಗೆ ಇಳುವರಿ ಗಣನೀಯವಾಗಿ ಹೆಚ್ಚುತ್ತದೆಂಬ ಭರವಸೆಯೊಡನೆ ಈ ಉಪಚಾರವನ್ನು ಶಿಫಾರಸು ಮಾಡಲು ಇಲ್ಲಿ ಆಧಾರವಿಲ್ಲ. ಯೂರಿಯಾ ಉಳಿಸಲು ಇದನ್ನು ಬಳಸಬಹುದೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಅರ್ಧ ಮತ್ತು ಮುಕ್ಕಾಲು ಪ್ರಮಾಣದ ಸಾರಜನಕದ ತಾಕುಗಳನ್ನೊಳಗೊಂಡ ಪ್ರಯೋಗ ಬೇಕು.