ಮನೆ ಓನರ್‌ಗೆ ಮೊದಲನೇ ಮೆಸೇಜ್

ನಮಸ್ಕಾರ ಅಂಕಲ್, ನಾನು ಸುಮಾ, ಸಾಗರದವಳು. ಸರಸ್ವತಿಪುರಂನಲ್ಲಿ ನಿಮ್ಮ ಮನೆ ಮೇಲಿನ ಪೋರ್ಷನ್‌ಗೆ 1ನೇ ತಾರೀಖಿಂದ ಬಾಡಿಗೆಗೆ ಬರ್ತಿರೋದು ನಾನೇ. ಹೋದ ಭಾನುವಾರ ಮನೆ ನೋಡೋಕೆ ಬಂದಾಗ ನೀವು ಬೆಂಗಳೂರಿಗೆ ಮಗಳ ಮನೆಗೆ ಹೋಗಿದೀರ ಅಂತ ಆಂಟಿ ಹೇಳಿದ್ರು, ನಿಮ್ಮನ್ನ ಮಾತಾಡ್ಸೋಕೆ ಆಗ್ಲಿಲ್ಲ, ಅದಕ್ಕೆ ಅವರತ್ರನೇ ನಂಬರ್ ಇಸ್ಕೊಂಡು ಮೆಸೇಜ್ ಹಾಕ್ತಿದೀನಿ. ಬಿಡುವಾದಾಗ ನೋಡಿ.

ನಾನು ಸ್ಟಾಫ್ ನರ್ಸ್ ಅಂಕಲ್. ಶಿವಮೊಗ್ಗದಲ್ಲಿ 4 ವರ್ಷ ಕೆಲಸ ಮಾಡಿ ಈಗ ಮೈಸೂರಿಗೆ ಬಂದಿದೀನಿ. ಮನೇಲಿ ಇರೋದು ನಾನು, ಅಮ್ಮ ಇಬ್ರೇ. ಅಪ್ಪ ತೀರ್ಕೊಂಡ ಮೇಲೆ ಅಮ್ಮ ಊರಲ್ಲಿ ಒಬ್ರೇ ಆಗ್ಬಿಟ್ಟಿದ್ರು, ಅದಕ್ಕೇ ಪಿಜಿ ಬೇಡ ಅಂತ ಮನೆ ಹುಡುಕಿದ್ದು. ಅವತ್ತು ನಿಮ್ಮ ಮೆಟ್ಟಿಲ ಮೇಲೆ ಬಿದ್ದಿದ್ದ ಪಾರಿಜಾತದ ಹೂವನ್ನ ಅಮ್ಮ ಸೆರಗಲ್ಲಿ ಆರಿಸ್ಕೊಂಡ್ರು, ಆಂಟಿ ನೋಡಿ ಒಂದು ಪುಟ್ಟ ಬುಟ್ಟಿನೇ ತಂದುಕೊಟ್ರು. ವಾಪಸ್ ಬರ್ತಾ ಬಸ್ಸಲ್ಲಿ ಅಮ್ಮ ಇದೇ ಮನೆ ಮಾಡೋಣ ಅಂದ್ರು, ಬೇರೆ ಮನೆ ನೋಡೋಕೇ ಹೋಗ್ಲಿಲ್ಲ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನನ್ನದು ಶಿಫ್ಟ್ ಕೆಲಸ, ಮಧ್ಯಾಹ್ನದ ಶಿಫ್ಟ್ ಇದ್ದಾಗ ಮನೆ ಸೇರೋದು ರಾತ್ರಿ ಒಂಬತ್ತೂವರೆ ಆಗುತ್ತೆ, ತಿಂಗಳಲ್ಲಿ ಒಂದು ವಾರ ನೈಟ್ ಡ್ಯೂಟಿನೂ ಇರುತ್ತೆ. ಆಂಟಿಗೆ ಹೇಳಿದೀನಿ, ಆದ್ರೂ ನಿಮಗೂ ನಾನೇ ಹೇಳ್ಬೇಕು ಅನ್ನಿಸ್ತು, ಯಾಕಂದ್ರೆ ಹಿಂದೆ ಒಂದು ಕಡೆ ಇದನ್ನ ಮೊದಲೇ ಹೇಳ್ದೆ ಆಮೇಲೆ ದಿನಾ ಮಾತು ಕೇಳೋ ಹಾಗಾಯ್ತು. ನಿಮ್ಮ ಗೇಟಿನ ಅಗುಳಿ ಸ್ವಲ್ಪ ಜೋರಾಗೇ ಸದ್ದು ಮಾಡುತ್ತೆ, ರಾತ್ರಿ ನಿಧಾನಕ್ಕೆ ತೆಗೀತೀನಿ, ಗಾಡಿನ ಗೇಟಿಂದಾನೇ ಆಫ್ ಮಾಡಿ ತಳ್ಕೊಂಡು ಬರ್ತೀನಿ, ನಿಮ್ಮ ನಿದ್ದೆ ಕೆಡಲ್ಲ. ಬೀಗದ ಇನ್ನೊಂದು ಕೀ ಕೊಟ್ರೆ ನಿಮ್ಮನ್ನ ಎಬ್ಬಿಸೋದೂ ತಪ್ಪುತ್ತೆ.

ಅಡ್ವಾನ್ಸಲ್ಲಿ 20,000 ಆಂಟಿ ಕೈಲಿ ಕೊಟ್ಟಿದೀನಿ, ಮಿಕ್ಕಿದ್ದನ್ನ 11 ತಿಂಗಳ ಅಗ್ರಿಮೆಂಟ್ ಸೈನ್ ಮಾಡೋ ದಿನ ಕೊಡ್ತೀನಿ. ಬಾಡಿಗೆ ಪ್ರತಿ ತಿಂಗಳು 5ರೊಳಗೆ ಹಾಕ್ತೀನಿ, ಅಕೌಂಟಿಗೆ ಹಾಕ್ಲಾ ಕೈಲೇ ಕೊಡ್ಲಾ ತಿಳಿಸಿ. ನನ್ನ ಆಧಾರ್ ಮತ್ತೆ ಆಸ್ಪತ್ರೆ ಐಡಿ ಕಾರ್ಡ್ ಫೋಟೋ ಈಗ್ಲೇ ಕಳಿಸ್ತಿದೀನಿ. ಗೃಹಜ್ಯೋತಿಗೆ ಹಿಂದೆ ಇದ್ದೋರ ಆಧಾರ್ ಲಿಂಕ್ ಆಗಿದ್ರೆ ಅವರಿಗೊಂದು ಫೋನ್ ಮಾಡಿ ಡೀಲಿಂಕ್ ಮಾಡ್ಸೋಕೆ ಹೇಳ್ತೀರಾ? ಮೇಲಿನ ಮೀಟರಿನ ಹಳೇ ಬಿಲ್ ಒಂದು ಫೋಟೋ ಕಳಿಸಿದ್ರೆ ನಂದು ನಾನೇ ಅರ್ಜಿ ಹಾಕ್ಕೋತೀನಿ. ಆಮೇಲೆ ರೂಮಿನ ರಸ್ತೆ ಕಡೆ ಕಿಟಕಿ ಚಿಲಕ ಸಡಿಲ ಇದೆ, ನಾನು ಡ್ಯೂಟಿಗೆ ಹೋದಾಗ ಅಮ್ಮ ಒಬ್ರೇ ಇರ್ತಾರಲ್ಲ, ನಾವು ಬರೋದ್ರೊಳಗೆ ಅದೊಂದು ಸರಿ ಮಾಡಿಸಿದ್ರೆ ದೊಡ್ಡ ಉಪಕಾರ. ಗೋಡೆಗೆ ಮೊಳೆ ಏನಾದ್ರೂ ಹೊಡೆಯೋದಿದ್ರೆ ನಿಮ್ಮನ್ನ ಕೇಳೇ ಹೊಡೀತೀನಿ.

1ನೇ ತಾರೀಖು ಬೆಳಿಗ್ಗೆ ಏಳಕ್ಕೆ ಹಾಲುಕ್ಕಿಸ್ತೀವಿ, ಸಾಮಾನು ಮಧ್ಯಾಹ್ನ ಬರುತ್ತೆ. ಅಷ್ಟೊತ್ತಿಗೆ ನೀವು ಊರಿಗೆ ಬಂದಿದ್ರೆ ಆಂಟಿ ಜೊತೆ ಮೇಲೆ ಬನ್ನಿ ಅಂಕಲ್, ಅಮ್ಮ ಗಸಗಸೆ ಪಾಯಸ ಮಾಡ್ತಾರೆ.