ವಾರಕ್ಕೆ ಎರಡು ದಿನ, ದಿನಕ್ಕೆ 35 ನಿಮಿಷ: 12 ವಾರಗಳ ಬಲದ ಅಭ್ಯಾಸ

ಯಾರಿಗೆ: 43 ವರ್ಷ, 62 ಕೆಜಿ ತೂಕದ ಹೈಸ್ಕೂಲ್ ಶಿಕ್ಷಕಿ, ಹಾಸನ. ತೂಕ ಎತ್ತಿ ಅಭ್ಯಾಸವಿಲ್ಲ. ಬಿಪಿ, ಶುಗರ್ ಇಲ್ಲ. ತುಂಬಾ ಹೊತ್ತು ನಿಂತರೆ ಸೊಂಟ ಬಿಗಿಯುತ್ತದೆ, ವೈದ್ಯರು ವ್ಯಾಯಾಮಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ. ಮೊಟ್ಟೆ ತಿನ್ನುತ್ತಾರೆ, ಮಾಂಸ ಇಲ್ಲ.

ಯಾವಾಗ: ಬುಧವಾರ ಬೆಳಿಗ್ಗೆ 6:15, ಭಾನುವಾರ ಬೆಳಿಗ್ಗೆ 7:00.

ಎಲ್ಲಿ: ಮನೆ ಹತ್ತಿರದ ಸಣ್ಣ ಜಿಮ್. ಅಲ್ಲಿ 2.5 ಕೆಜಿ ಅಂತರದ ಡಂಬೆಲ್‌ಗಳು, ಒಂದು ಬೆಂಚು, ಒಂದು ಪುಲ್‌ಡೌನ್ ಯಂತ್ರ ಇವೆ. ಇಷ್ಟು ಸಾಕು.

ಮೇಡಂ, ವಾರಕ್ಕೆ ನಾಲ್ಕೈದು ದಿನ ಜಿಮ್‌ಗೆ ಹೋಗುವವರು ಮಾಡುವ ಕೆಲಸದಲ್ಲಿ ಬಹುಪಾಲು ಲಾಭ ಮೊದಲ ಕೆಲವು ಸೆಟ್‌ಗಳಲ್ಲೇ ಬರುತ್ತದೆ. ಆಮೇಲಿನ ಸೆಟ್‌ಗಳಿಂದಲೂ ಲಾಭವಿದೆ, ಆದರೆ ಒಂದೊಂದಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಪ್ರತಿ ಮುಖ್ಯ ಸ್ನಾಯುಗುಂಪಿಗೆ ವಾರಕ್ಕೆ ನಾಲ್ಕರಿಂದ ಆರು ಸೆಟ್ ಸಿಕ್ಕರೆ ಬಲ ಚೆನ್ನಾಗಿಯೇ ಏರುತ್ತದೆ. ಈ ಪಟ್ಟಿ ಆ ಲೆಕ್ಕದ ಮೇಲೆ ನಿಂತಿದೆ. ಷರತ್ತು ಒಂದೇ: ಸೆಟ್‌ಗಳು ಕಡಿಮೆ ಇರುವುದರಿಂದ ಪ್ರತಿ ಸೆಟ್ಟೂ ನಿಜಕ್ಕೂ ಕಷ್ಟವಾಗಬೇಕು. ಸಲೀಸಾಗಿ ಮಾಡಿದ ಆರು ಸೆಟ್‌ನಿಂದ ಹೆಚ್ಚೇನೂ ಆಗುವುದಿಲ್ಲ.

ವಾರ್ಮಪ್ (4 ನಿಮಿಷ)

ಟ್ರೆಡ್‌ಮಿಲ್ ಹತ್ತಬೇಡಿ, ಅದು ನಿಮ್ಮ ಹತ್ತು ನಿಮಿಷ ನುಂಗುತ್ತದೆ. ಬರಿಗೈಯಲ್ಲಿ 10 ಬಸ್ಕಿ, ಎರಡೂ ತೋಳು ಹತ್ತು ಸಲ ಸುತ್ತಿಸುವುದು, ಸೊಂಟ ಹಿಂದಕ್ಕೆ ತಳ್ಳಿ ಬಾಗುವುದು 8 ಸಲ. ಆಮೇಲೆ ಆ ದಿನದ ಮೊದಲ ವ್ಯಾಯಾಮವನ್ನು ಅರ್ಧ ತೂಕದಲ್ಲಿ 8 ಸಲ ಮಾಡಿ. ಮುಂದೆ ತೂಕ 15 ಕೆಜಿ ದಾಟಿದ ಮೇಲೆ, ಮುಕ್ಕಾಲು ತೂಕದಲ್ಲಿ ಇನ್ನೂ 4 ಸಲ ಸೇರಿಸಿ.

ಬುಧವಾರ

1. ಡಂಬೆಲ್ ಎದೆಗೆ ಹಿಡಿದು ಬಸ್ಕಿ: 3 ಸೆಟ್, 8–12 ಸಲ. ಆರಂಭ 10 ಕೆಜಿ. ಸೆಟ್ ನಡುವೆ 2 ನಿಮಿಷ ವಿಶ್ರಾಂತಿ.

2ಅ. ಬೆಂಚಿನ ಮೇಲೆ ಮಲಗಿ ಡಂಬೆಲ್ ಪ್ರೆಸ್: 3 ಸೆಟ್, 8–12 ಸಲ. ಆರಂಭ ಕೈಗೆ 5 ಕೆಜಿ.

2ಆ. ಒಂದು ಕೈಯ ಡಂಬೆಲ್ ರೋ, ಅಂದರೆ ಮುಂದಕ್ಕೆ ಬಾಗಿ ಒಂದು ಕೈಯಿಂದ ಡಂಬೆಲ್ ಮೇಲಕ್ಕೆ ಎಳೆಯುವುದು: 3 ಸೆಟ್, ಪ್ರತಿ ಕೈಗೆ 8–12 ಸಲ. ಆರಂಭ 7.5 ಕೆಜಿ.

3. ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ನೇರವಾಗಿ ನಡೆಯುವುದು: 2 ಸಲ, ಪ್ರತಿ ಸಲ 40 ಹೆಜ್ಜೆ. ಕೈಗೆ 10 ಕೆಜಿ.

2ಅ ಒಂದು ಸೆಟ್, ಒಂದು ನಿಮಿಷ ವಿರಾಮ, 2ಆ ಒಂದು ಸೆಟ್, ಒಂದು ನಿಮಿಷ ವಿರಾಮ, ಮತ್ತೆ 2ಅ. ಒಂದು ತಳ್ಳುವ ಕೆಲಸ, ಇನ್ನೊಂದು ಎಳೆಯುವ ಕೆಲಸ. ಒಂದು ಮಾಡುವಾಗ ಇನ್ನೊಂದರ ಸ್ನಾಯು ಸುಧಾರಿಸಿಕೊಳ್ಳುತ್ತದೆ. ಆರು ಸೆಟ್ 12–13 ನಿಮಿಷದಲ್ಲಿ ಮುಗಿಯುತ್ತವೆ. ಬಸ್ಕಿಯನ್ನು ಮಾತ್ರ ಯಾವುದರ ಜೊತೆಗೂ ಜೋಡಿಸಬೇಡಿ. ಉಸಿರು ಕಟ್ಟಿದರೆ ಕಾಲಿನ ಬಲ ಮುಗಿಯುವ ಮುಂಚೆಯೇ ಸೆಟ್ ನಿಂತುಹೋಗುತ್ತದೆ.

ಬಸ್ಕಿಗೆ ಬೆಂಚನ್ನು ಹಿಂದೆ ಇಟ್ಟುಕೊಳ್ಳಿ. ಬೆಂಚು ಮುಟ್ಟಿದ ತಕ್ಷಣ ಏಳಿ, ಕೂರಬೇಡಿ. ಹಿಮ್ಮಡಿ ಏಳುತ್ತಿದ್ದರೆ ಎರಡು 2.5 ಕೆಜಿ ಪ್ಲೇಟುಗಳ ಮೇಲೆ ಹಿಮ್ಮಡಿ ಇಟ್ಟು ಮಾಡಿ. ಮಲಗಿ ಮಾಡುವ ಪ್ರೆಸ್‌ನಲ್ಲಿ ಮೊಣಕೈಯನ್ನು ಭುಜದ ಸಾಲಿಗೆ ಅಗಲಿಸಬೇಡಿ, ಪಕ್ಕೆಯ ಕಡೆಗೆ ಅರ್ಧ ಇಳಿಸಿ. ರೋ ಮಾಡುವಾಗ ಮೊಣಕೈ ಸೊಂಟದ ಕಡೆಗೆ ಬರಬೇಕು. ಮೈ ತಿರುಚಿ ಎತ್ತುತ್ತಿದ್ದರೆ ತೂಕ ಜಾಸ್ತಿಯಾಗಿದೆ ಎಂದು ತಿಳಿಯಿರಿ.

ಭಾನುವಾರ

1. ಡಂಬೆಲ್ ರೊಮೇನಿಯನ್ ಡೆಡ್‌ಲಿಫ್ಟ್: 3 ಸೆಟ್, 8–12 ಸಲ. ಆರಂಭ ಕೈಗೆ 7.5 ಕೆಜಿ. 2 ನಿಮಿಷ ವಿಶ್ರಾಂತಿ.

2ಅ. ಪುಲ್‌ಡೌನ್: 3 ಸೆಟ್, 8–12 ಸಲ. ಆರಂಭ 20 ಕೆಜಿ. ಬಾರ್ ಎದೆಯ ಮೇಲ್ಭಾಗಕ್ಕೆ ಬರಲಿ, ಕತ್ತಿನ ಹಿಂದಕ್ಕಲ್ಲ.

2ಆ. ನಿಂತು ಡಂಬೆಲ್ ತಲೆಯ ಮೇಲಕ್ಕೆ ಎತ್ತುವುದು: 3 ಸೆಟ್, 8–15 ಸಲ. ಆರಂಭ ಕೈಗೆ 5 ಕೆಜಿ. 8 ಆಗದಿದ್ದರೆ 2.5.

3. ಮೆಟ್ಟಿಲು ಹತ್ತುವ ವ್ಯಾಯಾಮ: ಸುಮಾರು 30 ಸೆಂಮೀ ಎತ್ತರದ ಪೆಟ್ಟಿಗೆ, ಪ್ರತಿ ಕಾಲಿಗೆ 2 ಸೆಟ್, 8–10 ಸಲ. ಮೊದಲು ಬರಿಗೈ. ಇಳಿಯುವಾಗ ಮೂರು ಎಣಿಸಿ. ಕೆಳಗಿನ ಕಾಲಿನಿಂದ ನೆಗೆದು ಹತ್ತಿದರೆ ಮೇಲಿನ ಕಾಲಿಗೆ ಕೆಲಸವೇ ಇರುವುದಿಲ್ಲ.

ನಿಮ್ಮ ಸೊಂಟದ ಬಿಗಿತದ ಕಾರಣಕ್ಕೆ ಡೆಡ್‌ಲಿಫ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಗೋಡೆಗೆ ಬೆನ್ನು ಮಾಡಿ, ಒಂದು ಪಾದದಷ್ಟು ಮುಂದೆ ನಿಲ್ಲಿ. ಮೊಣಕಾಲು ತುಸು ಸಡಿಲ. ಈಗ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಮುಟ್ಟಿಸಿ. ಮೈ ಮುಂದಕ್ಕೆ ಬಾಗಿದ್ದು ಅದರ ಪರಿಣಾಮವಾಗಿ ಮಾತ್ರ, ನೀವಾಗಿ ಬಾಗಿದ್ದಲ್ಲ. ಡಂಬೆಲ್‌ಗಳು ತೊಡೆಯನ್ನು ಸವರುತ್ತಾ ಮೊಣಕಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಇಳಿಯುತ್ತವೆ. ತೊಡೆಯ ಹಿಂಭಾಗ ಸೆಳೆದಂತಾಗಬೇಕು. ಪೃಷ್ಠ ಇನ್ನು ಹಿಂದಕ್ಕೆ ಹೋಗದು ಎನ್ನಿಸಿದ ಕಡೆ ನಿಮ್ಮ ಕೆಳಮಿತಿ. ಅಲ್ಲಿಂದಲೂ ಕೆಳಗೆ ಇಳಿಸಿದರೆ ಆ ಉಳಿದ ದೂರವನ್ನು ಬೆನ್ನುಮೂಳೆ ಬಾಗಿಯೇ ಕೊಡಬೇಕು. ಮರುದಿನ ಸೊಂಟ ಹಿಡಿದುಕೊಂಡಿತು ಎನ್ನುವವರಲ್ಲಿ ಹೆಚ್ಚಿನವರು ಇದನ್ನೇ ಮಾಡಿರುತ್ತಾರೆ. ಡಂಬೆಲ್ ನೆಲ ಮುಟ್ಟಬೇಕಾಗಿಲ್ಲ. ಮೊದಲ ಎರಡು ಭಾನುವಾರ ಗೋಡೆಯ ಮುಂದೆಯೇ ಮಾಡಿ.

ತಲೆಯ ಮೇಲಕ್ಕೆ ಎತ್ತುವಾಗ ಸೊಂಟ ಬಿಲ್ಲಿನಂತೆ ಬಾಗುತ್ತದೆ. ಪೃಷ್ಠವನ್ನು ಬಿಗಿ ಹಿಡಿದರೆ ಅದು ನಿಲ್ಲುತ್ತದೆ. ಎಲ್ಲ ವ್ಯಾಯಾಮದಲ್ಲೂ ಎತ್ತುವಾಗ ಉಸಿರು ಬಿಡಿ.

ಎಷ್ಟು ಕಷ್ಟ

ಸೆಟ್ ಮುಗಿಸಿದಾಗ "ಇನ್ನೆಷ್ಟು ಸಲ ಸರಿಯಾಗಿ ಮಾಡಬಲ್ಲೆ?" ಎಂದು ಕೇಳಿಕೊಳ್ಳಿ. 1–2ನೇ ವಾರ ಎಲ್ಲದರಲ್ಲೂ 2 ಸೆಟ್ ಮಾತ್ರ, 3 ಸಲ ಮಾಡುವ ಶಕ್ತಿ ಉಳಿದಿರಲಿ. 3ರಿಂದ 6ನೇ ವಾರ ಪಟ್ಟಿಯ ಪೂರ್ತಿ ಸೆಟ್‌ಗಳು, 2 ಸಲ ಉಳಿಯಲಿ. 7ರಿಂದ 12: ರೋ, ಪುಲ್‌ಡೌನ್‌ನ ಕೊನೆಯ ಸೆಟ್‌ನಲ್ಲಿ ಏನೂ ಉಳಿಸಬೇಡಿ, ಉಳಿದವುಗಳಲ್ಲಿ 1–2 ಉಳಿಯಲಿ.

ಹೊಸಬರ ಅಂದಾಜು ತಪ್ಪುವುದು ಸಹಜ. ಎರಡೇ ಉಳಿದಿದೆ ಎಂದು ನಿಲ್ಲಿಸುತ್ತಾರೆ, ನಿಜವಾಗಿ ಐದಾರು ಮಾಡಬಹುದಾಗಿರುತ್ತದೆ. ಅದಕ್ಕೆ 3ನೇ ವಾರದ ಭಾನುವಾರ ಪುಲ್‌ಡೌನ್‌ನ ಕೊನೆಯ ಸೆಟ್‌ನಲ್ಲಿ "ಇನ್ನೆರಡು" ಎನ್ನಿಸಿದಾಗ ಮನಸ್ಸಿನಲ್ಲೇ ಗುರುತು ಹಾಕಿ, ಬಾರ್ ಎದೆಗೆ ಬರದೇ ಹೋಗುವವರೆಗೆ ಎಳೆಯಿರಿ. ಐದು ಬಂದರೆ ನಿಮ್ಮ ಅಂದಾಜಿಗೆ ಇನ್ನು ಮುಂದೆ ಮೂರು ಸೇರಿಸಿ. ಈ ಪರೀಕ್ಷೆ ಡೆಡ್‌ಲಿಫ್ಟ್‌ನಲ್ಲಾಗಲೀ ಬಸ್ಕಿಯಲ್ಲಾಗಲೀ ಬೇಡ.

ತೂಕ ಯಾವಾಗ ಏರಿಸಬೇಕು

ನೋಟ್‌ಬುಕ್ ಬೇಕೇ ಬೇಕು. ವಾರಕ್ಕೊಮ್ಮೆ ಬರುವ ವ್ಯಾಯಾಮದ ಸಂಖ್ಯೆ ನೆನಪಿನಲ್ಲಿ ಉಳಿಯುವುದಿಲ್ಲ. ಬಸ್ಕಿಯ ಪುಟ ಹೀಗೆ ಸಾಗಬೇಕು:

3ನೇ ವಾರ: 10 ಕೆಜಿ — 12, 11, 9
4ನೇ ವಾರ: 10 ಕೆಜಿ — 12, 12, 11
5ನೇ ವಾರ: 10 ಕೆಜಿ — 12, 12, 12
6ನೇ ವಾರ: 12.5 ಕೆಜಿ — 10, 9, 8

ಮೂರೂ ಸೆಟ್ ಮೇಲಿನ ಸಂಖ್ಯೆ ಮುಟ್ಟಿದಾಗ ಮಾತ್ರ ಮುಂದಿನ ತೂಕ. ವಾರಕ್ಕೆ ಒಂದೇ ಒಂದು ಸಲ ಹೆಚ್ಚಾದರೂ ಅದು ಮುನ್ನಡೆಯೇ.

ತೊಡಕು ಬರುವುದು ಸಣ್ಣ ಡಂಬೆಲ್‌ಗಳಲ್ಲಿ. 10ರಿಂದ 12.5ಕ್ಕೆ ಹೋದರೆ ಕಾಲು ಭಾಗ ಹೆಚ್ಚು, 5ರಿಂದ 7.5ಕ್ಕೆ ಹೋದರೆ ಅರ್ಧದಷ್ಟು ಹೆಚ್ಚು. ಭುಜಕ್ಕೆ ಅದು ದೊಡ್ಡ ನೆಗೆತ. ನಿಂತು ಎತ್ತುವ ವ್ಯಾಯಾಮಕ್ಕೆ 15ರವರೆಗೆ ಅವಕಾಶ ಕೊಟ್ಟಿರುವುದು ಇದಕ್ಕೇ. ಮೂರು ಸೆಟ್ಟೂ 15 ಆದ ಮೇಲೆ ಮೊದಲ ಸೆಟ್ ಮಾತ್ರ 7.5ರಲ್ಲಿ ಮಾಡಿ, ಐದಾರು ಸಲ ಬಂದರೂ ಸಾಕು. ಉಳಿದೆರಡು ಸೆಟ್ 5ರಲ್ಲೇ ಇರಲಿ. ಮೊದಲ ಸೆಟ್‌ನಲ್ಲಿ 8 ಬಂದ ವಾರ ಎರಡನೆಯ ಸೆಟ್ಟನ್ನೂ ಏರಿಸಿ. ಮಲಗಿ ಮಾಡುವ ಪ್ರೆಸ್ 12ರಲ್ಲಿ ಸಿಕ್ಕಿಕೊಂಡರೆ ಅದಕ್ಕೂ ಇದೇ ದಾರಿ. ಹೀಗೆ ಮಾಡದೆ ನೇರ ಜಿಗಿದವರು ಬೆನ್ನು ಬಾಗಿಸಿ, ಮೈ ಕುಲುಕಿಸಿ ಎತ್ತುವುದನ್ನು ಕಲಿಯುತ್ತಾರೆ. ಆ ಅಭ್ಯಾಸ ಬಿಡಿಸುವುದು ಕಷ್ಟ.

ಎರಡು ವಾರ ಒಂದೇ ಸಂಖ್ಯೆಯಲ್ಲಿ ನಿಂತರೆ ಗಾಬರಿ ಬೇಡ. ಮೂರನೆಯ ವಾರವೂ ಹಾಗೇ ಇದ್ದರೆ ಮೊದಲು ನಿದ್ದೆ, ಊಟ ನೋಡಿ, ಆಮೇಲೆ ಸೆಟ್‌ಗಳ ನಡುವಿನ ವಿಶ್ರಾಂತಿ. ಹೊತ್ತಾಯಿತೆಂದು ಎರಡು ನಿಮಿಷವನ್ನು ನಲವತ್ತು ಸೆಕೆಂಡಿಗೆ ಇಳಿಸಿದ್ದರೆ ಸಂಖ್ಯೆ ಏರುವುದಿಲ್ಲ. ಫೋನಿನಲ್ಲಿ ಟೈಮರ್ ಇಡಿ.

ಸಮಯ ಸಿಗದಿದ್ದಾಗ

20 ನಿಮಿಷ ಮಾತ್ರ ಇದೆ: 1, 2ಅ, 2ಆ ಮಾತ್ರ, ತಲಾ 2 ಸೆಟ್. ತೂಕ ಇಳಿಸಬೇಡಿ. ಗಳಿಸಿದ ಬಲ ಉಳಿಸಿಕೊಳ್ಳಲು ಸೆಟ್ ಕಡಿಮೆಯಾದರೂ ನಡೆಯುತ್ತದೆ, ತೂಕ ಕಡಿಮೆಯಾದರೆ ನಡೆಯುವುದಿಲ್ಲ. ಪರೀಕ್ಷೆ, ಮೌಲ್ಯಮಾಪನದ ವಾರಗಳಲ್ಲಿ ಈ ರೂಪವೇ ಸಾಕು. ಪ್ರತ್ಯೇಕ ವಿಶ್ರಾಂತಿ ವಾರ ಹಾಕಿಲ್ಲ, ಇಷ್ಟು ಕೆಲಸಕ್ಕೆ ಅದು ಬೇಕಾಗಿಲ್ಲ.

ಬುಧವಾರ ತಪ್ಪಿತು: ಗುರುವಾರ ಇಲ್ಲವೇ ಶುಕ್ರವಾರ ಮಾಡಿ. ಅದೂ ಆಗದಿದ್ದರೆ ಭಾನುವಾರ ಬುಧವಾರದ ಪಟ್ಟಿ ಮಾಡಿ, ಭಾನುವಾರದ್ದು ಮುಂದಿನ ಬುಧವಾರಕ್ಕೆ ಹೋಗಲಿ. ಸರದಿ ತಪ್ಪಬಾರದು, ಅಷ್ಟೇ. ಎರಡನ್ನೂ ಒಂದೇ ದಿನ ಸೇರಿಸಬೇಡಿ, ದ್ವಿತೀಯಾರ್ಧದ ಸೆಟ್‌ಗಳು ಬರೀ ಆಯಾಸವಾಗುತ್ತವೆ.

ಊರಿಗೆ ಹೋಗಿದ್ದೀರಿ, ಜಿಮ್ ಇಲ್ಲ: ಮಂಚದ ಅಂಚಿಗೆ ಕೈ ಇಟ್ಟು ಪುಷ್‌ಅಪ್, ನೀರು ತುಂಬಿದ ಕ್ಯಾನಿನಿಂದ ರೋ (5 ಲೀಟರ್ ಅಂದರೆ 5 ಕೆಜಿ), ಜಗಲಿಯ ಮೆಟ್ಟಿಲು ಹತ್ತುವುದು, ತಲಾ 3 ಸೆಟ್. ಸಂಖ್ಯೆಗೆ ಮಿತಿಯಿಲ್ಲ, ಎರಡು ಸಲ ಉಳಿಯುವವರೆಗೆ.

ನೋವು

ಮೊದಲ ಎರಡು ವಾರ, ಮಾಡಿದ ಒಂದೆರಡು ದಿನದ ಮೇಲೆ ತೊಡೆ, ಎದೆ ನೋಯುತ್ತವೆ. ಮುಂದಿನ ಸರದಿಯ ಹೊತ್ತಿಗೆ ಇಳಿಯುತ್ತದೆ, ಸ್ವಲ್ಪ ಉಳಿದಿದ್ದರೂ ಮಾಡಬಹುದು. ಕೀಲಿನೊಳಗೆ ಚುಚ್ಚಿದಂತಾದರೆ ಆ ವ್ಯಾಯಾಮ ಅಂದಿಗೆ ನಿಲ್ಲಿಸಿ, ಮುಂದಿನ ಸಲ ಅರ್ಧ ತೂಕದಲ್ಲಿ ನೋಡಿ. ನೋವು ಸೊಂಟದಿಂದ ಕಾಲಿಗೆ ಇಳಿದರೆ, ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲಿಗೇ ಬಿಟ್ಟು ವೈದ್ಯರನ್ನು ಕಾಣಿ.

ಊಟ ಮತ್ತು ನಡಿಗೆ

ದಿನಕ್ಕೆ 75ರಿಂದ 100 ಗ್ರಾಂ ಪ್ರೋಟೀನ್ ಗುರಿ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ, ಒಣ ಸೋಯಾ ಚಂಕ್ಸ್ 50 ಗ್ರಾಂ ತೂಗಿದರೆ 26, ಹೆಸರುಕಾಳು 50 ಗ್ರಾಂನಲ್ಲಿ 12, ಒಂದು ಹಿಡಿ (30 ಗ್ರಾಂ) ಕಡಲೆಕಾಯಿ ಬೀಜದಲ್ಲಿ 7, ದೊಡ್ಡ ಬಟ್ಟಲು ಮೊಸರಿನಲ್ಲಿ 7. ಉಳಿದದ್ದು ಮುದ್ದೆ, ಚಪಾತಿ, ಹಾಲಿನಿಂದ ಬರುತ್ತದೆ. ತಿಳಿಸಾರನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಬೇಳೆ ಬಹಳ ಕಡಿಮೆ.

ಈ ಅಭ್ಯಾಸ ಹೃದಯ, ಶ್ವಾಸಕೋಶಕ್ಕೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಇದರಿಂದ ಹೊರತಾಗಿ ಬೇಕು. ಶಾಲೆಗೆ ಹೋಗಿ ಬರುವಾಗ ಒಂದು ಸ್ಟಾಪ್ ಮುಂಚೆ ಇಳಿದರೂ ಅದು ಸೇರುತ್ತದೆ.

12ನೇ ವಾರದ ನಂತರ

3ನೇ ವಾರದ ಮತ್ತು 12ನೇ ವಾರದ ಪುಟಗಳನ್ನು ಪಕ್ಕಪಕ್ಕ ಇಡಿ. ಬಸ್ಕಿಯಲ್ಲಿ 15 ಕೆಜಿಗೆ 8 ಸಲ, ಡೆಡ್‌ಲಿಫ್ಟ್‌ನಲ್ಲಿ ಕೈಗೆ 12.5 ಕೆಜಿ ತಲುಪಿದ್ದರೆ ಪಟ್ಟಿ ಕೆಲಸ ಮಾಡಿದೆ, ಇದನ್ನೇ ಮುಂದುವರಿಸಿ. ಏರುತ್ತಲೇ ಇರುವ ಪಟ್ಟಿಯನ್ನು ಬದಲಿಸಬಾರದು. ಯಾವುದಾದರೂ ಒಂದು ವ್ಯಾಯಾಮ ನಿಂತುಹೋಗಿದ್ದರೆ ಅದಕ್ಕೆ ಮಾತ್ರ ಒಂದು ಸೆಟ್ ಸೇರಿಸಿ. ಆ ನಿಮಿಷಗಳಿಗೆ ಬುಧವಾರವಾದರೆ ಡಂಬೆಲ್ ನಡಿಗೆ, ಭಾನುವಾರವಾದರೆ ಮೆಟ್ಟಿಲಿನ ಒಂದು ಸೆಟ್ ಬಿಡಿ.