ಜನರಲ್ ಮೆಡಿಸಿನ್ ವಿಭಾಗದ ಗುರುವಾರದ ಸಭೆ: ಕೇಸ್ ಮಂಡಿಸುವವರ ಪರಿಚಯ

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದ ಮುಖ್ಯಸ್ಥರಿಗೆ, ಯುನಿಟ್ ಮುಖ್ಯಸ್ಥರಿಗೆ, ನಮ್ಮ ಕೋರಿಕೆಗೆ ಒಪ್ಪಿ ಮೈಕ್ರೋಬಯಾಲಜಿಯಿಂದ ಬಂದಿರುವ ಮೇಡಂ ಅವರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ, ಪಿಜಿಗಳಿಗೆ ಮತ್ತು ಇಂಟರ್ನ್‌ಗಳಿಗೆ ಸ್ವಾಗತ. ಗಂಟೆ 2 ಆಗಿದೆ, 3ಕ್ಕೆ ಮುಗಿಸಬೇಕು.

ಇಂದು ಕೇಸ್ ಮಂಡಿಸುವವರು ಮೂರನೇ ಯುನಿಟ್ಟಿನ ಎರಡನೇ ವರ್ಷದ ಪಿಜಿ ಡಾ. ಸುಷ್ಮಾ. ಕಾರಣ ತಿಳಿಯದ ಜ್ವರದಲ್ಲಿ ಕಿಡ್ನಿಗೆ ಆಗುವ ತೊಂದರೆಯ ಬಗ್ಗೆಯೇ ಅವರ ಡಿಸರ್ಟೇಶನ್. ಮಳೆ ಶುರುವಾದಾಗಿನಿಂದ ಜ್ವರದ ರೋಗಿಗಳ ಚಾರ್ಟುಗಳನ್ನು ಒಂದೊಂದಾಗಿ ಓದಿಕೊಂಡು ಬಂದಿದ್ದಾರೆ. ಈ ರೋಗಿ ಅಡ್ಮಿಟ್ ಆದ ರಾತ್ರಿ ಡ್ಯೂಟಿಯಲ್ಲಿದ್ದವರೂ ಅವರೇ. ಅಂದು ಅವರು ಮಾಡಿದ ಒಂದು ಕೆಲಸವೇ ಇವತ್ತಿನ ಚರ್ಚೆಯ ತಿರುಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೋಗಿ ನಲವತ್ತರ ಆಸುಪಾಸಿನ ಮಹಿಳೆ, ಹೊಲದ ಕೆಲಸ ಮಾಡುವವರು. ಎಂಟು ದಿನದಿಂದ ಜ್ವರ, ತಲೆನೋವು. ಕೊನೆಯ ಒಂದು ದಿನ ಉಬ್ಬಸ. ಬಂದಾಗ ಆಕ್ಸಿಜನ್ ಇಲ್ಲದೆ ಸ್ಯಾಚುರೇಶನ್ 90, ಪ್ಲೇಟ್‌ಲೆಟ್ 62,000, ಕ್ರಿಯಾಟಿನಿನ್ 1.8. ಈಗ ಗುಣವಾಗಿ ಮನೆಗೆ ಹೋಗಿದ್ದಾರೆ. ಅವರ ಬಗ್ಗೆ ನನ್ನ ಬಾಯಿಂದ ಇಷ್ಟು ಸಾಕು, ಉಳಿದದ್ದನ್ನು ಸುಷ್ಮಾ ಹೇಳುತ್ತಾರೆ.

ಕಾಯಿಲೆ ಯಾವುದೆಂದು ನೋಟಿಸಿನಲ್ಲೇ ಹಾಕಿದ್ದೇವೆ: ಸ್ಕ್ರಬ್ ಟೈಫಸ್. ಬೇಕೆಂದೇ ಹಾಗೆ ಮಾಡಿದ್ದು. ಒಗಟು ಬಿಡಿಸುವುದಕ್ಕಿಂತ, ಎಂಟನೇ ದಿನದವರೆಗೆ ಅದು ಯಾಕೆ ಸಿಗಲಿಲ್ಲ ಎಂದು ನೋಡುವುದು ಮುಖ್ಯ. ಜ್ವರ, ಪ್ಲೇಟ್‌ಲೆಟ್ ಇಳಿಕೆ ಎಂದ ಕೂಡಲೇ ಈ ತಿಂಗಳುಗಳಲ್ಲಿ ನಮ್ಮ ಮನಸ್ಸು ಡೆಂಗಿಯ ಮೇಲೆ ನಿಂತುಬಿಡುತ್ತದೆ. ಎನ್ಎಸ್1 ನೆಗೆಟಿವ್ ಬಂದರೂ ‘ತಡವಾಗಿ ಮಾಡಿಸಿದ್ದಾರೆ’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಜೊತೆಗೆ ಸೆಫ್ಟ್ರಿಯಾಕ್ಸೋನ್ ಹೋಗುತ್ತಿರುತ್ತದೆ. ಜೀವಕೋಶದ ಒಳಗೇ ಬೆಳೆಯುವ ಓರಿಯೆನ್ಷಿಯಾ ಬ್ಯಾಕ್ಟೀರಿಯಾಕ್ಕೆ ಅದು ನಾಟುವುದಿಲ್ಲ. ಅಷ್ಟರಲ್ಲಿ ಶ್ವಾಸಕೋಶ, ಕಿಡ್ನಿ, ಲಿವರ್ ಒಂದರ ಹಿಂದೊಂದು ತೊಂದರೆಗೆ ಬೀಳುತ್ತವೆ.

ಆ ರಾತ್ರಿ ಸುಷ್ಮಾ ಪರದೆ ಎಳೆಸಿ, ಸಿಸ್ಟರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ‘ಅಮ್ಮಾ, ಸಣ್ಣ ಗಾಯ ಎಲ್ಲಾದರೂ ಇದೆಯಾ ನೋಡ್ಬೇಕು, ಒಂದೊಂದೇ ಕಡೆ ನೋಡ್ತೀನಿ, ಬೇಡ ಅನ್ಸಿದ್ರೆ ಹೇಳಿ’ ಎಂದು ಕೇಳಿ ತಲೆಯಿಂದ ಪಾದದವರೆಗೆ ನೋಡಿದರು. ಕಿವಿಯ ಹಿಂದೆ, ಕಂಕುಳು, ಸೊಂಟದಲ್ಲಿ ಸೀರೆ ಬಿಗಿಯುವ ಜಾಗ, ತೊಡೆಯ ಸಂದು, ಚರ್ಮದ ಪ್ರತಿಯೊಂದು ಮಡಿಕೆ. ನೋಡದ ಭಾಗಕ್ಕೆ ಹೊದಿಕೆ ಹಾಗೇ ಇತ್ತು. ಒಂದು ಮಡಿಕೆಯಲ್ಲಿ ಎಸ್ಕಾರ್ ಸಿಕ್ಕಿತು. ಇಂಟರ್ನ್‌ಗಳು ಇದನ್ನು ಗಮನಿಸಿ: ಆ ಗಾಯ ನೋಯುವುದಿಲ್ಲ, ಸಾಮಾನ್ಯವಾಗಿ ಕೆರೆತವೂ ಇರುವುದಿಲ್ಲ, ಹಾಗಾಗಿ ರೋಗಿ ತಾವಾಗಿ ಹೇಳುವುದು ಕಡಿಮೆ. ಪುಸ್ತಕದ ಚಿತ್ರದಲ್ಲಿರುವ ಕಪ್ಪು ಹಕ್ಕಳೆ ಬೆವರಿನ ತೇವ ನಿಲ್ಲುವ ಮಡಿಕೆಗಳಲ್ಲಿ ಕಾಣದೇ ಇರಬಹುದು, ಬರೀ ಆಳವಿಲ್ಲದ ಹುಣ್ಣಿನ ಹಾಗೆ ಇರುತ್ತದೆ. ಅವಸರದಲ್ಲಿ ಬಟ್ಟೆ ಸರಿಸಿ ಇಣುಕಿದರೆ ತಪ್ಪಿಹೋಗುತ್ತದೆ. ರೋಗಿಗೆ ನಾಚಿಕೆಯಾಗದ ಹಾಗೆ, ಕೇಳಿ, ನಿಧಾನವಾಗಿ ನೋಡಿದ್ದರಿಂದಲೇ ಇಲ್ಲಿ ಸಿಕ್ಕಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಐಜಿಎಂ ಎಲೈಸಾ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರುವಾಯಿತು, 48 ಗಂಟೆಯೊಳಗೆ ಜ್ವರ ಇಳಿಯಿತು. ವರದಿ ಆಮೇಲೆ ಪಾಸಿಟಿವ್ ಬಂತು.

ಪರೀಕ್ಷೆಯ ಹೊತ್ತಿನಲ್ಲಿ ಇದ್ದ ಆ ಮರ್ಯಾದೆ ಈ ಕೊಠಡಿಯಲ್ಲೂ ಇರಬೇಕು. ಸುಷ್ಮಾ ರೋಗಿಯ ಹತ್ತಿರ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಪಡೆದಿದ್ದಾರೆ; ಚಿಕಿತ್ಸೆಯ ಒಪ್ಪಿಗೆ ಬೇರೆ, ಫೋಟೊ ಮತ್ತು ಮಂಡನೆಗೆ ಬೇರೆ. ಆಕೆ ಹೇಳಿದ್ದು: ‘ಕಾಯಿಲೆ ವಿಷಯ ಹೇಳಿ, ಮನೆ ವಿಷಯ ಬೇಡ.’ ಆದ್ದರಿಂದ ಮನೆಯವರ ಬಗ್ಗೆ, ಸಂಸಾರದ ಬಗ್ಗೆ ಸ್ಲೈಡಿನಲ್ಲಿ ಒಂದು ಮಾತೂ ಇಲ್ಲ, ಚರ್ಚೆಯಲ್ಲೂ ಯಾರೂ ಕೇಳಬಾರದು. ಹೊಲದ ಕೆಲಸ ಬಂದಿರುವುದು ಚಿಗ್ಗರ್ ಹುಳ ಕಚ್ಚುವ ಪೊದೆ, ಹುಲ್ಲಿನ ಸಂಪರ್ಕ ತಿಳಿಯಲು ಮಾತ್ರ. ಊರು ಹಾಕಿಲ್ಲ: ಒಂದು ಹಳ್ಳಿಯ ಹೆಸರು, ವಯಸ್ಸು, ಕೆಲಸ, ಮೂರೂ ಸೇರಿದರೆ ಆ ತಾಲೂಕಿನವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ. ಅಡ್ಮಿಶನ್ ತಾರೀಖಿನ ಬದಲು ‘ಜ್ವರದ 8ನೇ ದಿನ’ ಎಂದಿದೆ. ಗಾಯದ ಜಾಗವನ್ನು ರೇಖಾಚಿತ್ರದಲ್ಲಿ ಗುರುತಿಸಿದ್ದಾರೆ. ಫೋಟೊ ಒಂದೇ, ಗಾಯ ಮತ್ತು ಅಳತೆಪಟ್ಟಿ ಮಾತ್ರ ಕಾಣುವಷ್ಟು ಹತ್ತಿರದಿಂದ ತೆಗೆದದ್ದು. ಮಚ್ಚೆ, ಹಚ್ಚೆ, ತಾಳಿ ಯಾವುದೂ ಅದರಲ್ಲಿಲ್ಲ.

ಎಕ್ಸ್‌ರೇ ಬಗ್ಗೆ ಪಿಜಿಗಳಿಗೆ ಒಂದು ಮಾತು, ಯಾಕೆಂದರೆ ಎಡವಟ್ಟು ಆಗುವುದು ಇಲ್ಲೇ. ಫಿಲ್ಮಿನ ಮೂಲೆಯ ಹೆಸರು, ಆಸ್ಪತ್ರೆ ನಂಬರಿನ ಮೇಲೆ ಕಪ್ಪು ಚೌಕ ಇಟ್ಟರೆ ಫೈಲು ಸಿಕ್ಕವರು ಅದನ್ನು ಸರಿಸಿ ಓದಬಹುದು. ಪವರ್‌ಪಾಯಿಂಟಿನಲ್ಲಿ ಕ್ರಾಪ್ ಮಾಡಿದರೂ ಕತ್ತರಿಸಿದ ಭಾಗ ಫೈಲಿನೊಳಗೆ ಉಳಿದಿರುತ್ತದೆ. ಚಿತ್ರವನ್ನು ಹೊರಗೆ ಕತ್ತರಿಸಿ, ಹೊಸ ಹೆಸರಿನಲ್ಲಿ ಸೇವ್ ಮಾಡಿ, ಆಮೇಲೆ ಸ್ಲೈಡಿಗೆ ಹಾಕಬೇಕು. ಸುಷ್ಮಾ ಹಾಗೇ ಮಾಡಿದ್ದಾರೆ, ನಿನ್ನೆ ಸಂಜೆ ನಾನೂ ಒಂದೊಂದು ಸ್ಲೈಡ್ ನೋಡಿದೆ.

ನಿಮ್ಮ ಕಡೆಯಿಂದ: ಸ್ಲೈಡಿನ ಫೋಟೊ ತೆಗೆಯಬೇಡಿ, ವಾಟ್ಸಾಪ್ ಗುಂಪಿಗೆ ಕಳಿಸಬೇಡಿ. ‘ಆ ಸ್ಕ್ರಬ್ ಟೈಫಸ್’, ‘ಆ ಬೆಡ್ಡು’ ಎನ್ನದೆ ‘ರೋಗಿ’ ಅಥವಾ ‘ಆಕೆ’ ಎನ್ನಿ. ಮೊದಲು ನೋಡಿದ ವೈದ್ಯರು ಯಾರು ಎಂಬ ಪ್ರಶ್ನೆ ಬೇಡ. ಐದನೇ ದಿನ ಅವರ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು ಎಂದು ಕೇಳಿ.

ಮಂಡನೆಗೆ 20 ನಿಮಿಷ, 12 ಸ್ಲೈಡ್. ನಡುವೆ ಯಾರೂ ತಡೆಯಬೇಡಿ. 15ನೇ ನಿಮಿಷಕ್ಕೆ ನಾನು ಕೈ ಎತ್ತುತ್ತೇನೆ ಸುಷ್ಮಾ, ಆಗ ಚಿಕಿತ್ಸೆಯ ಸ್ಲೈಡಿಗೆ ಬಂದಿರಬೇಕು. ನಂತರ ಮೊದಲ ಪ್ರಶ್ನೆ ಇಂಟರ್ನ್‌ಗಳದ್ದು, ಆಮೇಲೆ ಪಿಜಿಗಳು, ಕೊನೆಗೆ ಅಧ್ಯಾಪಕರು.

ಚರ್ಚೆಯಲ್ಲಿ ಎರಡು ವಿಷಯಕ್ಕೆ ಹೆಚ್ಚು ಹೊತ್ತು ಇಟ್ಟಿದ್ದೇನೆ. ಎಸ್ಕಾರ್ ಸಿಗದಿದ್ದರೆ ಏನು? ಮೊದಲ ವಾರದಲ್ಲಿ ಐಜಿಎಂ ನೆಗೆಟಿವ್ ಇರಬಹುದು, ವೀಲ್-ಫೆಲಿಕ್ಸ್ ಹಲವರಲ್ಲಿ ಕಾಯಿಲೆಯನ್ನು ಹಿಡಿಯುವುದೇ ಇಲ್ಲ. ಯಾವ ಸ್ಯಾಂಪಲ್, ಯಾವ ದಿನ ಕಳಿಸಬೇಕು ಎಂಬುದನ್ನು ಮೈಕ್ರೋಬಯಾಲಜಿ ಮೇಡಂ ಹೇಳುತ್ತಾರೆ. ಹಕ್ಕಳೆಯಿಂದ ಪಿಸಿಆರ್ ಮಾಡುವ ವಿಷಯವನ್ನೂ ಸೇರಿಸಿ ಮೇಡಂ. ಎರಡನೆಯದು, ತೀವ್ರ ಸ್ಕ್ರಬ್ ಟೈಫಸ್‌ನಲ್ಲಿ ಒಂದು ಔಷಧ ಸಾಕೇ? ಭಾರತದ ಏಳು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇಂಟ್ರೆಸ್ಟ್ ಅಧ್ಯಯನದಲ್ಲಿ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಒಟ್ಟಿಗೆ 7 ದಿನ ಕೊಟ್ಟಾಗ, ಒಂದನ್ನೇ ಕೊಟ್ಟದ್ದಕ್ಕಿಂತ ಉತ್ತಮ ಫಲಿತಾಂಶ ಬಂತು. ನಮ್ಮ ಫಾರ್ಮಸಿಯಲ್ಲಿ ಡಾಕ್ಸಿಸೈಕ್ಲಿನ್ ಇಂಜೆಕ್ಷನ್ ಎಲ್ಲ ದಿನವೂ ಇರುವುದಿಲ್ಲ. ಇಲ್ಲದ ರಾತ್ರಿ ಏನು ಮಾಡುವುದೆಂದು ಇವತ್ತು ಈ ಕೊಠಡಿಯಿಂದ ಹೊರಡುವ ಮುನ್ನ ತೀರ್ಮಾನಿಸಿ, ವಾರ್ಡಿನ ಬೋರ್ಡಿಗೆ ಹಾಕೋಣ. ರಿಜಿಸ್ಟ್ರಾರ್, ದಯವಿಟ್ಟು ಬರೆದುಕೊಳ್ಳಿ.

ಡಾ. ಸುಷ್ಮಾ, ಬನ್ನಿ. ಹಿಂದಿನ ಸಾಲಿನವರು ದಯವಿಟ್ಟು ಬಾಗಿಲು ಹಾಕಿ.